ಅಳೆಯದೆ ಸುರಿದ ಎಣ್ಣೆ

ಪ್ರಶ್ನೆ: ಕೆಲಸಕ್ಕಾಗಿ ವಿದೇಶಕ್ಕೆ ಬಂದು 8 ತಿಂಗಳಲ್ಲಿ 7 ಕಿಲೋ ದಪ್ಪಗಾಗಿದ್ದೇನೆ. ಹೊರಗೆ ತಿನ್ನುವುದೇ ಇಲ್ಲ, ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ. ಜಿಮ್ ಸೇರಲೇ ಅಥವಾ ರಾತ್ರಿ ಊಟ ಬಿಡಲೇ?

ಎರಡೂ ಬೇಡ. "ನಾನೇ ಮಾಡಿಕೊಳ್ಳುತ್ತೇನೆ" ಎಂಬ ಮಾತನ್ನು ಓದಿದಾಗ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂತು. ಓದಲು ಹೊರಟಾಗ 63 ಕಿಲೋ ಇದ್ದವನು 10 ತಿಂಗಳ ಹೊತ್ತಿಗೆ 72 ಕಿಲೋ ಆಗಿದ್ದೆ. ಹೊರಗಿನ ತಿಂಡಿ, ಸಿಹಿ ಪಾನೀಯ ಯಾವುದರ ರೂಢಿಯೂ ಇರಲಿಲ್ಲ. ಫೋನು ತೋರಿಸುತ್ತಿದ್ದ ಹೆಜ್ಜೆಗಳ ಲೆಕ್ಕವೂ ಹೆಚ್ಚು ಕಡಿಮೆ ಮೊದಲಿನಷ್ಟೇ, ದಿನಕ್ಕೆ 7,000ದ ಆಸುಪಾಸು ಇತ್ತು. ಹಾಗಾಗಿ ನನ್ನ ಅಡುಗೆಯ ಮೇಲೆ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಮನೆಯಲ್ಲಿ ಉಣ್ಣುತ್ತಿದ್ದುದನ್ನೇ ಇಲ್ಲಿಯೂ ಉಣ್ಣುತ್ತಿದ್ದೇನೆ, ದಪ್ಪಗಾಗುತ್ತಿರುವುದಕ್ಕೆ ಕಾರಣ ಬೇರೆಲ್ಲೋ ಇದೆ ಎಂದು ನಂಬಿಕೊಂಡಿದ್ದೆ.

ಹೆಸರಿಗೆ ಅದು ಮನೆಯ ಅಡುಗೆಯೇ ಆಗಿತ್ತು. ಆದರೆ ಮನೆಯಲ್ಲಿ ಅಮ್ಮ ಎಣ್ಣೆಯನ್ನು ಡಬ್ಬಿಯಿಂದ ಒಂದು ಪುಟ್ಟ ಚಮಚದಲ್ಲಿ ತೆಗೆದು ಹಾಕುತ್ತಿದ್ದರು. ನಾನು ಬಾಟಲಿಯನ್ನೇ ಬಾಣಲೆಯ ಮೇಲೆ ಬಗ್ಗಿಸುತ್ತಿದ್ದೆ. ಇರುವವನು ಒಬ್ಬನೇ ಆದರೂ ಬಾಣಲೆ ನಾಲ್ಕು ಜನರಿಗಾಗುವಷ್ಟು ಅಗಲದ್ದು, ಅದರ ತಳ ಹೊಳೆಯುವ ತನಕ ಎಣ್ಣೆ ಹಾಕದಿದ್ದರೆ ಈರುಳ್ಳಿ ಹಿಡಿದುಕೊಳ್ಳುತ್ತಿತ್ತು. ವಿದ್ಯುತ್ ಒಲೆಯ ಉರಿ ನನ್ನ ಹಿಡಿತಕ್ಕೆ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ, ತಳ ಹತ್ತಿದಾಗಲೆಲ್ಲ ಇನ್ನೊಂದಿಷ್ಟು ಸುರಿಯುವುದು ಅಭ್ಯಾಸವಾಗಿಬಿಟ್ಟಿತು. ಇದರ ಜೊತೆಗೆ ನಾನು ಕೊಳ್ಳುತ್ತಿದ್ದುದು ಹೃದಯಕ್ಕೆ ಒಳ್ಳೆಯದೆಂದು ಹೆಸರಾದ ಎಣ್ಣೆ, ಒಳ್ಳೆಯದು ತುಸು ಹೆಚ್ಚಾದರೆ ಏನೂ ಆಗದು ಎಂಬ ಸಮಾಧಾನ ಬೇರೆ. ಎಣ್ಣೆ ಯಾವ ಕಾಳಿನದಾಗಲಿ, ಯಾವ ಹಣ್ಣಿನದಾಗಲಿ, 1 ಗ್ರಾಮಿಗೆ 9 ಕ್ಯಾಲೊರಿಯೇ. ಹೃದಯಕ್ಕೆ ಯಾವುದು ಮೇಲು ಎಂಬುದು ಬೇರೆ ಪ್ರಶ್ನೆ, ತೂಕಕ್ಕೆ ಎಲ್ಲವೂ ಒಂದೇ.

ಈ ತಪ್ಪು ಬಯಲಾದದ್ದು ಜೊತೆಗಿದ್ದ ಸ್ನೇಹಿತನಿಂದ. ಅಡುಗೆಮನೆಯ ಕಪಾಟು ಇಬ್ಬರದೂ ಒಂದೇ ಆಗಿದ್ದರಿಂದ, ಯಾರ ಬಾಟಲಿ ಯಾವುದು ಎಂದು ತಿಳಿಯಲು ಅವನು ಮುಚ್ಚಳದ ಮೇಲೆ ಹೆಸರು ಮತ್ತು ತೆರೆದ ದಿನಾಂಕ ಬರೆಯುತ್ತಿದ್ದ. ಒಂದು ದಿನ ಖಾಲಿ ಬಾಟಲಿಯನ್ನು ಎಸೆಯಲು ಹೋದಾಗ ನನ್ನ ಹೆಸರಿನ ಕೆಳಗಿದ್ದ ದಿನಾಂಕ ನೋಡಿದೆ. 1 ಲೀಟರ್ ಎಣ್ಣೆ 16 ದಿನಕ್ಕೆ ಮುಗಿದಿತ್ತು. ಆ ರಾತ್ರಿ ಎಂದಿನಂತೆಯೇ ತಣ್ಣಗಿನ ಬಾಣಲೆಗೆ ಎಣ್ಣೆ ಸುರಿದು, ಅದನ್ನು ಅಳತೆಯ ಲೋಟಕ್ಕೆ ಬಗ್ಗಿಸಿ ನೋಡಿದೆ. 30 ಮಿಲಿಯ ಗೆರೆಯನ್ನು ದಾಟಿ ನಿಂತಿತ್ತು. ದಿನಕ್ಕೆ ಎರಡು ಹೊತ್ತು ಒಗ್ಗರಣೆ ಎಂದರೆ 60 ಮಿಲಿಗೂ ಹೆಚ್ಚು.

ಮನೆಗೆ ಕರೆ ಮಾಡಿ ಕೇಳಿದರೆ, ಐದು ಜನರಿಗೆ 1 ಲೀಟರ್ ಸುಮಾರು 8 ದಿನ ಬರುತ್ತದೆ ಎಂದರು ಅಮ್ಮ. ಅಂದರೆ ತಲೆಗೆ ದಿನಕ್ಕೆ 25 ಮಿಲಿ, ಹೆಚ್ಚೆಂದರೆ 210 ಕ್ಯಾಲೊರಿ. ನನ್ನದು 62 ಮಿಲಿ, 500 ಕ್ಯಾಲೊರಿಗೂ ಮೇಲೆ. ಉಳಿದ ಊಟವೆಲ್ಲ ಅಷ್ಟೇ ಇದ್ದರೂ ದಿನಕ್ಕೆ 300 ಕ್ಯಾಲೊರಿ ಸದ್ದಿಲ್ಲದೆ ಸೇರುತ್ತಿತ್ತು. 1 ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ರೂಢಿಯ ಲೆಕ್ಕ ಹಿಡಿದರೆ 300 ದಿನಕ್ಕೆ ಹತ್ತಿರ ಹತ್ತಿರ 12 ಕಿಲೋ ಆಗಬೇಕು. ನನಗೆ ಏರಿದ್ದು 9. ಮೈ ಭಾರವಾದಂತೆ ಅದು ಖರ್ಚು ಮಾಡುವ ಶಕ್ತಿಯೂ ಹೆಚ್ಚುವುದರಿಂದ ಮತ್ತು ಒಂದಿಷ್ಟು ಎಣ್ಣೆ ಪಾತ್ರೆಯಲ್ಲೇ ಉಳಿಯುವುದರಿಂದ ಆ ಲೆಕ್ಕ ಎಂದೂ ಪೂರ್ತಿ ಕೂಡಿಬರುವುದಿಲ್ಲ. ಎಣ್ಣೆ ಹೆಚ್ಚಾದರೂ ತಟ್ಟೆಯಲ್ಲಿ ಊಟದ ರಾಶಿ ದೊಡ್ಡದಾಗಿ ಕಾಣುವುದಿಲ್ಲ, ಹೊಟ್ಟೆಯೂ ಬೇಗ ತುಂಬಿದಂತೆ ಅನಿಸುವುದಿಲ್ಲ. ಇದರಿಂದಾಗಿಯೇ ನಾನು 10 ತಿಂಗಳು ಮೋಸ ಹೋದೆ. ಸೊಂಟಕ್ಕೆ ಎಲಾಸ್ಟಿಕ್ ಇರುವ ಪ್ಯಾಂಟುಗಳನ್ನೇ ಹಾಕುತ್ತಿದ್ದುದರಿಂದ ಬಟ್ಟೆಯೂ ನನ್ನನ್ನು ಎಚ್ಚರಿಸಲಿಲ್ಲ.

ನೀವು ಕೇಳಿದ ಎರಡು ದಾರಿಗಳನ್ನೂ ನಾನು ಇದಕ್ಕೆ ಮೊದಲೇ ಹಿಡಿದು ನೋಡಿದ್ದೆ. ಸುಮಾರು 70 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 150 ಕ್ಯಾಲೊರಿಯ ಆಸುಪಾಸು, ಊಟದ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ. ವ್ಯಾಯಾಮ ಮೈಗೂ ನಿದ್ದೆಗೂ ಒಳ್ಳೆಯದು, ಖಂಡಿತ ಮಾಡಿ, ಆದರೆ ಬಾಟಲಿ ಹಾಗೆಯೇ ಇದ್ದರೆ ತೂಕ ಇಳಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬೇಡಿ. ರಾತ್ರಿ ಊಟವನ್ನು ಮೂರು ವಾರ ಬಿಟ್ಟಿದ್ದೆ. 10 ಗಂಟೆಗೆ ಹಸಿವು ತಡೆಯಲಾರದೆ ಹುರಿದ ಕಡಲೆಕಾಯಿ ಬೀಜದ ಪೊಟ್ಟಣಕ್ಕೆ ಕೈ ಹಾಕುತ್ತಿದ್ದೆ. ಓದುತ್ತಾ 100 ಗ್ರಾಂ ಮುಗಿಸುವುದು ಕಷ್ಟವಲ್ಲ, ಅದರಲ್ಲಿ 550 ಕ್ಯಾಲೊರಿಗೂ ಹೆಚ್ಚು ಇದೆ. ಬಿಟ್ಟ ಊಟ ಅಷ್ಟಿರಲಿಲ್ಲ.

ಆಮೇಲೆ ನಾನು ಬದಲಿಸಿದ್ದು ಒಂದನ್ನೇ. ಭಾನುವಾರ 140 ಮಿಲಿ ಎಣ್ಣೆಯನ್ನು ಅಳೆದು ಸಣ್ಣ ಬಾಟಲಿಗೆ ತುಂಬಿಸಿ, ದೊಡ್ಡದನ್ನು ಕೈಗೆಟುಕದ ಮೇಲಿನ ಅಟ್ಟಕ್ಕೆ ಸೇರಿಸಿದೆ. ದಿನಕ್ಕೆ 20 ಮಿಲಿ, ಅಂದರೆ 5 ಮಿಲಿಯ ಚಮಚದಲ್ಲಿ ನಾಲ್ಕು. ಮೊದಲ ವಾರ ಅದು ಗುರುವಾರಕ್ಕೇ ಮುಗಿಯಿತು, ಉಳಿದ ಮೂರು ದಿನ ಬೇಯಿಸಿದ್ದನ್ನೇ ಉಂಡೆ. ಎರಡನೆಯ ವಾರ ಸಣ್ಣ ಬಾಣಲೆ ಕೊಂಡೆ, ಉರಿ ಇಳಿಸುವುದನ್ನು ಕಲಿತೆ, ಈರುಳ್ಳಿ ಹಿಡಿದುಕೊಂಡಾಗ ಎಣ್ಣೆಯ ಬದಲು ಎರಡು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚುವುದನ್ನು ರೂಢಿಸಿಕೊಂಡೆ. ರುಚಿಯಲ್ಲಿ ನನಗೆ ಕೊರತೆ ಕಾಣಲಿಲ್ಲ, ಒಗ್ಗರಣೆಯ ಘಮಕ್ಕೆ ಒಂದು ಚಮಚ ಎಣ್ಣೆಯೇ ಸಾಕು.

ತೂಕವನ್ನು ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ನೋಡಿ, ಏಳು ದಿನಗಳ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಉಪ್ಪು, ನೀರುಗಳಿಂದ ಒಂದೇ ದಿನದಲ್ಲಿ 1 ಕಿಲೋ ಏರಿಳಿಯಬಹುದು, ಅದಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ನನಗೆ 5 ಕಿಲೋ ಇಳಿಯಲು ನಾಲ್ಕು ತಿಂಗಳು ಹಿಡಿಯಿತು, ಉಳಿದದ್ದಕ್ಕೆ ಅದರ ಎರಡರಷ್ಟು.

ನಿಮ್ಮ ಮನೆಯಲ್ಲಿ ಈಗ ತೆರೆದಿರುವ ಬಾಟಲಿಯ ಮೇಲೆ ಇಂದಿನ ದಿನಾಂಕ ಬರೆದು, ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಗುರುತು ಮಾಡಿ. ಎರಡು ವಾರಗಳ ನಂತರ ದಿನಕ್ಕೆ 20 ಅಥವಾ 25 ಮಿಲಿಗಿಂತ ಹೆಚ್ಚು ಖರ್ಚಾಗಿಲ್ಲ ಎಂದು ಕಂಡರೆ ನಿಮ್ಮ ಕಾರಣ ನನ್ನದಲ್ಲ. ಆಗ ಹಾಲು, ಸಕ್ಕರೆ, ಬೀಜಗಳು, ಹಣ್ಣಿನ ರಸ ಇವುಗಳನ್ನೂ ಹೀಗೆಯೇ ಒಂದೊಂದಾಗಿ ಅಳೆದು ನೋಡಿ. ತೂಕದ ಜೊತೆಗೆ ಸದಾ ಆಯಾಸ, ಎಲ್ಲರಿಗಿಂತ ಹೆಚ್ಚು ಚಳಿ, ಮಲಬದ್ಧತೆ, ಪಾದಗಳ ಊತ ಅಥವಾ ಮುಟ್ಟಿನ ಏರುಪೇರು ಇದ್ದರೆ, ಇಲ್ಲವೇ ಹೊಸದಾಗಿ ಸ್ಟೆರಾಯ್ಡ್ ಅಥವಾ ಮನೋರೋಗದ ಔಷಧಿ ಶುರುವಾಗಿದ್ದರೆ ಎರಡು ವಾರ ಕಾಯದೆ ವೈದ್ಯರನ್ನು ಕಂಡು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ, ಔಷಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.