ಗ್ರಾಹಕರ ಉದ್ದ ಮಾತನ್ನು ಅವರ ಧಾಟಿಯಲ್ಲೇ ಚಿಕ್ಕದು ಮಾಡುವುದು ಹೇಗೆ?

ಪ್ರಶ್ನೆ: ಸೋಲಾರ್ ಹೀಟರ್ ಹಾಕಿಸಿದ ಗ್ರಾಹಕರೊಬ್ಬರು ಸುತ್ತಿ ಬಳಸಿ ಮಾತಾಡಿದ್ದಾರೆ. ಆಡಿಯೋ ಜಾಹೀರಾತಿಗೆ ಚಿಕ್ಕದಾಗಿ, ಅವರೇ ಹೇಳಿದಂತೆ ಹೇಗೆ ಬರೆಯಲಿ?

ಉತ್ತರ: ಮೊದಲು ತೊದಲಿದ್ದೂ ಬಿಡದೆ ಬರೆದಿಟ್ಟುಕೊಳ್ಳಿ. ಆಮೇಲೆ ಹೊಡೆದುಹಾಕಿ, ಹಿಂದೆಮುಂದೆ ಮಾಡಿ. ಹೊಸ ಪದ ಮಾತ್ರ ಸೇರಿಸಬೇಡಿ. ಅವರ ಮಾತು ಹೀಗಿದೆ ಎನ್ನಿ:

“ಅಂದ್ರೆ ಹೆಂಗೆ ಅಂದ್ರೆ, ಮೊದ್ಲು ಗೀಸರ್ ಇತ್ತು ನೋಡಿ, ಅದೂ ಹಳೇದು, ಬಿಲ್ ಬಂದ್ರೆ ಮಗ ಬೈತಿದ್ದ, ಅವ್ನು ಈಗ ಪುಣೆಲಿದಾನೆ, ಈಗ ಒಂದು ಐನೂರು ಕಮ್ಮಿ ಬರುತ್ತೇನೋ, ಮಳೆಗಾಲ ಬಿಟ್ಟು.”

ಇದು ಹೀಗಾಗಬಹುದು:

“ಮೊದ್ಲು ಗೀಸರ್ ಇತ್ತು. ಬಿಲ್ ಬಂದ್ರೆ ಮಗ ಬೈತಿದ್ದ. ಮಳೆಗಾಲ ಬಿಟ್ಟು, ಈಗ ಒಂದು ಐನೂರು ಕಮ್ಮಿ ಬರುತ್ತೇನೋ.”

ಪುಣೆ ಹೋಯಿತು, ಬೈಗುಳ ಉಳಿಯಿತು; ಅವರ ದನಿ ಇರುವುದೇ ಅಲ್ಲಿ. ಕತ್ತರಿ ತಪ್ಪುವುದು ಕೊನೆಯ ಸಾಲಿನಲ್ಲಿ. ‘ಏನೋ’, ‘ಮಳೆಗಾಲ ಬಿಟ್ಟು’ ತೆಗೆದರೆ ಅವರ ಅಂದಾಜು ಕಂಪನಿಯ ಗ್ಯಾರಂಟಿಯಾಗುತ್ತದೆ. ಐನೂರರ ಬಗ್ಗೆ ಅನುಮಾನವಿದ್ದರೆ ಹಳೆಯ, ಹೊಸ ಬಿಲ್ ಕೇಳಿ ನೋಡಿ. ‘ಗಣನೀಯ ಉಳಿತಾಯ’ ಎಂದು ತಿದ್ದುವ ಮ್ಯಾನೇಜರ್ ಎಲ್ಲ ಕಡೆ ಇರುತ್ತಾರೆ, ಒಪ್ಪಬೇಡಿ.

ಕೊನೆಗೆ ಸಾಲುಗಳನ್ನು ಅವರಿಗೇ ಕಳಿಸಿ, ಫೋನಿನಲ್ಲಿ ಓದಿಸಿ. ಓದುವಾಗ ಎಲ್ಲಿ ತಡವರಿಸಿ ತಮ್ಮದೇ ಪದ ಹಾಕುತ್ತಾರೋ, ಅಲ್ಲಿ ಅದನ್ನೇ ಇಟ್ಟುಕೊಂಡು ಒಪ್ಪಿಗೆ ಪಡೆಯಿರಿ.