ಅಷ್ಟಮದ ಕುಜ ಮಾಂಗಲ್ಯಕ್ಕೆ ದೋಷವೇ?

ತಂಗಿಯದು ಮೇಷ ಲಗ್ನ, ಎಂಟರಲ್ಲಿ ಕುಜ. ವೈಧವ್ಯ ಯೋಗ ಅಂತಾರೆ, ನಿಜವೇ?

ಅಷ್ಟರಿಂದಲೇ ಹಾಗೆ ಹೇಳಲಾಗದು. ಎಂಟನೇ ಮನೆ ಪತಿಯನ್ನು ಸೂಚಿಸುವ ಏಳನೇ ಮನೆಗೆ ಎರಡನೆಯದು, ಅಂದರೆ ಪತಿಗೆ ಮಾರಕ ಸ್ಥಾನ. ಹಾಗಾಗಿಯೇ ಹೆಣ್ಣಿನ ಜಾತಕದಲ್ಲಿ ಮಾಂಗಲ್ಯವನ್ನು ಅಲ್ಲಿ ನೋಡುತ್ತಾರೆ. ಆದರೆ ಮೇಷಕ್ಕೆ ಎಂಟನೆಯದು ವೃಶ್ಚಿಕ, ಕುಜನ ಸ್ವಂತ ಮನೆ. ಸ್ವಕ್ಷೇತ್ರದಲ್ಲಿರುವ ಅಧಿಪತಿ ತನ್ನ ಭಾವವನ್ನು ಕಾಯುತ್ತಾನೆ ಎಂಬುದೂ ಅದೇ ಶಾಸ್ತ್ರದ ಮಾತು. ವೃಷಭದಲ್ಲಿ ಗುರುವಿದ್ದರೆ ಅವನ ಏಳನೇ ದೃಷ್ಟಿಯೂ ಅಲ್ಲಿಗೇ ಬೀಳುತ್ತದೆ. ಹೆದರಿಸುವವರು ಇದನ್ನು ಬಿಟ್ಟೇ ಬಿಡುತ್ತಾರೆ.

ಮೊದಲು ಜನನ ಸಮಯ ನೋಡಿ. ಲಗ್ನ ರಾಶಿಯ ಅಂಚಿನಲ್ಲಿದ್ದರೆ 5 ನಿಮಿಷದ ತಪ್ಪಿಗೆ ಎಂಟನೇ ಮನೆಯೇ ಬದಲಾಗುತ್ತದೆ. ಗಂಡನ ಆಯುಷ್ಯವನ್ನು ಮುಖ್ಯವಾಗಿ ಅವನ ಜಾತಕದಿಂದಲೇ ಅಳೆಯಬೇಕು. ಇಷ್ಟಾದರೂ ಇದು ನಂಬಿಕೆಯ ಲೆಕ್ಕ. ಸಾವನ್ನು ಮುಂಚೆ ತಿಳಿಸುತ್ತದೆ ಎನ್ನಲು ಪುರಾವೆಯಿಲ್ಲ.