ಸೆಪ್ಟೆಂಬರ್ 2020ಕ್ಕೆ ನಿಜಕೂಲಿ ಮೂರುಪಟ್ಟು?

"ಇಳಕಲ್ ನೇಕಾರರ ಕೂಲಿಯನ್ನು ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವಾದ ಸಿಪಿಐ-ಐಡಬ್ಲ್ಯೂನಿಂದ ಭಾಗಿಸಿದೆ. ಸೆಪ್ಟೆಂಬರ್ 2020ಕ್ಕೆ ನಿಜಕೂಲಿ ಸುಮಾರು ಮೂರುಪಟ್ಟು ಜಿಗಿದಿದೆ. ಯಾಕೆ?"

ಫೈಲ್ ನೋಡಿಲ್ಲ, ಆದರೆ ಬಹುಶಃ ಎರಡು ಮೂಲವರ್ಷ ಬೆರೆತಿವೆ. ಆ ತಿಂಗಳಿಂದ ಸೂಚ್ಯಂಕದ ಮೂಲವರ್ಷ 2001ರಿಂದ 2016ಕ್ಕೆ ಬದಲಾಯಿತು. ಅಖಿಲ ಭಾರತ ಅಂಕಿ ಆಗಸ್ಟ್‌ನಲ್ಲಿ 338, ಸೆಪ್ಟೆಂಬರ್‌ನಲ್ಲಿ 118.1. ಬೆಲೆ ಇಳಿದಿಲ್ಲ, ಅಳತೆಗೋಲು ಬದಲಾಗಿದೆ ಅಷ್ಟೆ.

ಮೊದಲು ಹಳೆಯ ಅಂಕಿಗಳನ್ನೆಲ್ಲ, ಹಳೆ ಸರಣಿಯನ್ನು ಹೊಸದಕ್ಕೆ ಹೊಂದಿಸುವ ಜೋಡಣಾಂಕ 2.88ರಿಂದ ಭಾಗಿಸಿ. 338 ಆಗ 117.36 ಆಗುತ್ತದೆ. ಆಮೇಲೆ ಕೂಲಿಯನ್ನು ಸೂಚ್ಯಂಕದಿಂದ ಭಾಗಿಸಿ 100ರಿಂದ ಗುಣಿಸಿ. ಎರಡೂ ತಿಂಗಳು ಕೂಲಿ 10,000 ರೂಪಾಯಿ ಅಂದುಕೊಳ್ಳಿ. 2016ರ ಬೆಲೆಯಲ್ಲಿ ಅದು ಆಗಸ್ಟ್‌ಗೆ 8,521, ಸೆಪ್ಟೆಂಬರ್‌ಗೆ 8,467. ಜಿಗಿತ ಹೋಯ್ತು, ಅಲ್ವಾ?

ಬೆಳಗಾವಿ ಕೇಂದ್ರದ ಸೂಚ್ಯಂಕ ಬಳಸಿದ್ದರೆ ಮಾತ್ರ 2.88 ಹಾಕಬೇಡಿ. ಪ್ರತಿ ಕೇಂದ್ರಕ್ಕೂ ಬೇರೆ ಜೋಡಣಾಂಕವಿದೆ, ಲೇಬರ್ ಬ್ಯೂರೋದ ಪಟ್ಟಿಯಿಂದ ಅದನ್ನೇ ತೆಗೆದುಕೊಳ್ಳಿ. ಹಳೆಯ ಅಂಕಿಗಳನ್ನೆಲ್ಲ ಒಂದೇ ಜೋಡಣಾಂಕದಿಂದ ಭಾಗಿಸಿದ್ದೀರಾ ಅಂತ ತಿಳಿಯಲು ಹಳೆಯ ತಿಂಗಳುಗಳ ಸೂಚ್ಯಂಕದ ಶೇಕಡಾ ಏರಿಕೆ ನೋಡಿ. ಭಾಗಿಸುವ ಮುಂಚೆ ಇದ್ದಷ್ಟೇ ಇರಬೇಕು.